ನೆರೆಕೋಶದ ಲೆಕ್ಕ ಒಂದು ಹೇಳುತ್ತದೆ, ಟೆಡ್ಸ್ ಇನ್ನೊಂದು: ಕೋಷ್ಟಕದ ರಚನೆಗೆ ಅಂಕ ಕೊಡುವುದು ಹೇಗೆ?

ಕಡತಗಾರ

ಸ್ಕ್ಯಾನ್ ಮಾಡಿದ ಪುಟಗಳಲ್ಲಿನ ಕೋಷ್ಟಕಗಳನ್ನು ಎಚ್‌ಟಿಎಂಎಲ್‌ಗೆ ಇಳಿಸುವ ಎರಡು ವ್ಯವಸ್ಥೆಗಳಲ್ಲಿ ಒಂದನ್ನು ನಾನು ಆರಿಸಬೇಕಾಗಿದೆ. ಅಕ್ಷರಗಳ ನಿಖರತೆಯನ್ನು ಅಳೆದರೆ ಎರಡೂ ಸಮ. ಆದರೆ ಫಲಿತಾಂಶವನ್ನು ಕಣ್ಣಾರೆ ನೋಡಿದಾಗ ಎರಡೂ ಬೇರೆ ಬೇರೆ ರೀತಿಯಲ್ಲಿ ತಪ್ಪುತ್ತಿರುವುದು ಕಾಣುತ್ತದೆ. ಆದ್ದರಿಂದ ರಚನೆಯನ್ನೇ ಅಳೆಯುವ ಎರಡು ಮಾಪನಗಳನ್ನು ಬಳಸಿದೆ, ಅವು ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟವು. ಚರ್ಚೆಗೆ ಅನುಕೂಲವಾಗಲೆಂದು ಸಮಸ್ಯೆಯನ್ನು ಚಿಕ್ಕ ಕೋಷ್ಟಕವೊಂದಕ್ಕೆ ಇಳಿಸಿ ಕೊಡುತ್ತಿದ್ದೇನೆ. ಸರಿಯಾದ ರೂಪ ಇದು:

```
ಮಾದರಿ (2 ಸಾಲು) | ಅಳತೆ (2 ಕಾಲಂ)
               | ಉದ್ದ | ಅಗಲ
ಕ              | 12   | 7
ಖ              |      | 9
ಗ              | 15   | 8
```

ಮೊದಲ ಎರಡು ಸಾಲು `thead` ಒಳಗೆ, ಉಳಿದ ಮೂರು `tbody` ಒಳಗೆ ಇವೆ. ಮೊದಲ ವ್ಯವಸ್ಥೆಯು ‘ಖ’ ಸಾಲಿನ ಖಾಲಿ ಕೋಶವನ್ನು ಗಮನಿಸದೆ 9ನ್ನು ‘ಉದ್ದ’ದ ಕೆಳಗೆ ಇಟ್ಟು, ಖಾಲಿ ಕೋಶವನ್ನು ಸಾಲಿನ ಕೊನೆಗೆ ತಳ್ಳುತ್ತದೆ. ಎರಡನೆಯದು ಅಂಕಿಗಳನ್ನೆಲ್ಲ ಸರಿಯಾದ ಜಾಗದಲ್ಲಿಯೇ ಇಡುತ್ತದೆ, ಆದರೆ ‘ಅಳತೆ’ ಎಂಬ ಶೀರ್ಷಿಕೆ ಎರಡು ಕಾಲಂಗಳ ಮೇಲೆ ಹರಡಿದೆ ಎಂಬುದನ್ನು ಗುರುತಿಸದೆ ಅದನ್ನು ‘ಉದ್ದ’ದ ಮೇಲೆ ಮಾತ್ರ ಕೂರಿಸಿ, ಪಕ್ಕದಲ್ಲಿ ಒಂದು ಖಾಲಿ ಕೋಶವನ್ನು ಸೇರಿಸುತ್ತದೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಪಠ್ಯವನ್ನು ಓದಿದರೆ ಎರಡರಲ್ಲಿಯೂ ಒಂದೇ ಅಕ್ಷರಮಾಲೆ ಸಿಗುತ್ತದೆ.

ನೆರೆಕೋಶಗಳ ಸಂಬಂಧದ ಮೇಲಿನ ಎಫ್1 ಮೊದಲನೆಯದಕ್ಕೆ 0.833, ಎರಡನೆಯದಕ್ಕೆ 0.971 ಬಂದಿದೆ. ವೃಕ್ಷದ ತಿದ್ದುಪಡಿ ದೂರವನ್ನು ಆಧರಿಸಿದ ಟೆಡ್ಸ್ ಮೊದಲನೆಯದಕ್ಕೆ 0.905, ಎರಡನೆಯದಕ್ಕೆ 0.773 ಕೊಡುತ್ತಿದೆ. ಯಾವುದನ್ನು ನಂಬಬೇಕು?

ಹೊಸಗಣ್ಣು

ಖಾಲಿ ಕೋಶ ತಪ್ಪಿಹೋಗುವುದು ಸಾಮಾನ್ಯವಾಗಿ ಚಿತ್ರದ ಗುಣಮಟ್ಟದಿಂದ. ಪುಟವನ್ನು ಮೊದಲು ನೇರಗೊಳಿಸಿ, ಗೆರೆಗಳನ್ನು ದಪ್ಪಗೊಳಿಸಿ ಕೊಟ್ಟು ನೋಡಿ. ಗೆರೆಗಳೇ ಇಲ್ಲದ ಕೋಷ್ಟಕಗಳಾದರೆ ಅಕ್ಷರಗಳ ನಡುವಿನ ಬಿಳಿ ಜಾಗವನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿ ಕಾಲಂಗಳ ಗಡಿಯನ್ನು ಕಂಡುಹಿಡಿಯಬಹುದು. ನಾನು ಹಾಗೆ ಮಾಡಿದ ಮೇಲೆ ಈ ತೊಂದರೆ ಬಹುಮಟ್ಟಿಗೆ ಹೋಯಿತು.

ಕಡತಗಾರ

ಸಲಹೆಗೆ ಧನ್ಯವಾದ. ಆದರೆ ಸದ್ಯಕ್ಕೆ ನನ್ನ ಪ್ರಶ್ನೆ ತಪ್ಪನ್ನು ಕಡಿಮೆ ಮಾಡುವುದರ ಬಗ್ಗೆ ಅಲ್ಲ, ಆಗಿರುವ ತಪ್ಪಿಗೆ ಎಷ್ಟು ಅಂಕ ಕಳೆಯಬೇಕು ಎಂಬುದರ ಬಗ್ಗೆ.

ಎಣಿಕೆದಾರ

ನೀವು ಕೊಟ್ಟಿರುವ ನಾಲ್ಕು ಸಂಖ್ಯೆಗಳಲ್ಲಿ ಮೂರು ನಿಮ್ಮ ವಿವರಣೆಗೆ ಹೊಂದುತ್ತವೆ, ಒಂದು ಹೊಂದುವುದಿಲ್ಲ. ಆ ಒಂದಕ್ಕೆ ಆಮೇಲೆ ಬರುತ್ತೇನೆ, ಮೊದಲು ನೆರೆ ಸಂಬಂಧದ ಲೆಕ್ಕವನ್ನು ಕೈಯಿಂದಲೇ ಮಾಡೋಣ.

2013ರ ಐಸಿಡಿಎಆರ್ ಕೋಷ್ಟಕ ಸ್ಪರ್ಧೆಯಲ್ಲಿ ಬಳಕೆಗೆ ಬಂದ ಈ ಮಾಪನದಲ್ಲಿ ಪಠ್ಯವಿರುವ ಪ್ರತಿಯೊಂದು ಕೋಶವನ್ನೂ ಅದರ ಬಲಕ್ಕಿರುವ ಮತ್ತು ಕೆಳಗಿರುವ ಹತ್ತಿರದ ಪಠ್ಯವುಳ್ಳ ಕೋಶದೊಂದಿಗೆ ಜೋಡಿ ಮಾಡುತ್ತೇವೆ. ನಡುವೆ ಖಾಲಿ ಕೋಶವಿದ್ದರೆ ಅದನ್ನು ದಾಟಿ ಮುಂದಿನದನ್ನು ಹಿಡಿಯುತ್ತೇವೆ. ನಿಮ್ಮ ಸರಿಯಾದ ಕೋಷ್ಟಕದಲ್ಲಿ ಅಡ್ಡ ಜೋಡಿಗಳು 8, ಉದ್ದ ಜೋಡಿಗಳು 10, ಒಟ್ಟು 18. ‘ಅಳತೆ’ಯು ಎರಡು ಕಾಲಂಗಳ ಮೇಲೆ ಹರಡಿರುವುದರಿಂದ ಅದಕ್ಕೆ ಕೆಳಗಿನ ನೆರೆಯವರು ಇಬ್ಬರು: ‘ಉದ್ದ’ ಮತ್ತು ‘ಅಗಲ’.

ಮೊದಲ ವ್ಯವಸ್ಥೆಯಲ್ಲಿ ‘ಖ’ದಿಂದ ಬಲಕ್ಕೆ ಹೋದರೆ ಸರಿಯಾದ ರೂಪದಲ್ಲಿಯೂ 9 ಸಿಗುತ್ತದೆ, ತಪ್ಪಾದ ರೂಪದಲ್ಲಿಯೂ 9 ಸಿಗುತ್ತದೆ. ಅಡ್ಡ ದಿಕ್ಕಿನಲ್ಲಿ ತಪ್ಪು ಕಾಣುವುದೇ ಇಲ್ಲ. ಆದರೆ ಮೇಲಿನಿಂದ ಕೆಳಕ್ಕೆ ನೋಡಿದಾಗ 12–15, 7–9, 9–8 ಎಂಬ ಮೂರು ಜೋಡಿಗಳು ಮಾಯವಾಗಿ, ಅವುಗಳ ಬದಲು 12–9, 9–15, 7–8 ಹುಟ್ಟಿಕೊಂಡಿವೆ. 18ರಲ್ಲಿ 15 ಸರಿ, ಆದ್ದರಿಂದ 0.833. ಎರಡನೆಯ ವ್ಯವಸ್ಥೆಯಲ್ಲಿ ಕಳೆದುಹೋಗುವುದು ‘ಅಳತೆ–ಅಗಲ’ ಒಂದೇ ಜೋಡಿ, ಸುಳ್ಳು ಜೋಡಿ ಒಂದೂ ಹುಟ್ಟುವುದಿಲ್ಲ. ಅದು ಕೊಟ್ಟ 17 ಜೋಡಿಗಳೂ ಸರಿ, ಸಿಗಬೇಕಾದದ್ದು 18, ಹಾಗಾಗಿ ಎಫ್1 0.971.

ಈ ಎರಡೂ ಅಂಕಗಳು ನನಗೆ ಒಪ್ಪಿಗೆಯಾಗುತ್ತವೆ. ಅಂಕಿಯೊಂದು ತಪ್ಪು ಶೀರ್ಷಿಕೆಯ ಕೆಳಗೆ ಕುಳಿತರೆ ಅದನ್ನು ಬಳಸುವವರಿಗೆ ಸುಳಿವೇ ಸಿಗುವುದಿಲ್ಲ. ಮೇಲಿನ ಶೀರ್ಷಿಕೆ ಅರ್ಧ ಕಾಣೆಯಾದರೆ ಓದುವವರಿಗೆ ಕನಿಷ್ಠ ಅನುಮಾನವಾದರೂ ಬರುತ್ತದೆ.

ಮರಕುಟಿಗ

ನೆರೆ ಸಂಬಂಧದ ಮಾಪನ ಹಳೆಯದು, ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಖಾಲಿ ಕೋಶಗಳನ್ನು ಅದು ದಾಟಿಹೋಗುವುದರಿಂದ ಕೋಶಗಳು ಜರುಗಿದ್ದು ಅದಕ್ಕೆ ತಿಳಿಯುವುದಿಲ್ಲ. ಪಕ್ಕದ ಕೋಶದಾಚೆಗೆ ಅದರ ದೃಷ್ಟಿ ಹೋಗುವುದೂ ಇಲ್ಲ. ಪಬ್‌ಟ್ಯಾಬ್‌ನೆಟ್ ದತ್ತಾಂಶದೊಂದಿಗೆ ಟೆಡ್ಸ್ ಅನ್ನು ಮುಂದಿಟ್ಟವರು ಇದನ್ನೇ ಪ್ರಯೋಗದಿಂದ ತೋರಿಸಿದ್ದಾರೆ: ಕೋಶಗಳನ್ನು ಜರುಗಿಸಿದಾಗ ನೆರೆ ಸಂಬಂಧದ ಅಂಕ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಪಠ್ಯದಲ್ಲಿ ಸಣ್ಣ ದೋಷ ಬಂದಾಗ ಇಳಿಯಬೇಕಾದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಟೆಡ್ಸ್ ಇಡೀ ಕೋಷ್ಟಕವನ್ನು ಒಂದೇ ವೃಕ್ಷವಾಗಿ ನೋಡುತ್ತದೆ, ಆದ್ದರಿಂದ ಎಲ್ಲ ಬಗೆಯ ತಪ್ಪುಗಳನ್ನೂ ಸಮನಾಗಿ ಹಿಡಿಯುತ್ತದೆ. 0.905 ಮತ್ತು 0.773 ಎಂದು ಅದು ಹೇಳುತ್ತಿದ್ದರೆ ಮೊದಲ ವ್ಯವಸ್ಥೆಯನ್ನೇ ಆರಿಸಿಕೊಳ್ಳಿ.

ಎಣಿಕೆದಾರ

ಮರಕುಟಿಗ ಅವರೇ, ಪಠ್ಯದೋಷದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಜರುಗುವಿಕೆಯ ಬಗ್ಗೆ ಹೇಳಿದ್ದು ಅರ್ಧ ಸರಿ, ಏಕೆಂದರೆ ಮೇಲಿನ ಲೆಕ್ಕದಲ್ಲಿಯೇ ಅದು ಮೂರು ಜೋಡಿಗಳಲ್ಲಿ ಸಿಕ್ಕಿಬಿದ್ದಿದೆ. ‘ಸಮನಾಗಿ ಹಿಡಿಯುತ್ತದೆ’ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದಕ್ಕೆ ಮೊದಲು 0.773ರ ವಿಚಾರ.

ಟೆಡ್ಸ್‌ನ ಸೂತ್ರ ಸರಳವಾಗಿದೆ:

```
TEDS(Ta, Tb) = 1 - EditDist(Ta, Tb) / max(|Ta|, |Tb|)
```

ಗಂಟೊಂದನ್ನು ಸೇರಿಸುವುದಕ್ಕೆ ಅಥವಾ ಅಳಿಸುವುದಕ್ಕೆ 1 ವೆಚ್ಚ. ಒಂದನ್ನು ಇನ್ನೊಂದಾಗಿ ಬದಲಿಸುವ ವೆಚ್ಚದ ಸಾರಾಂಶ ಹೀಗಿದೆ:

```
def rename(a, b):
    if (a.tag, a.colspan, a.rowspan) != (b.tag, b.colspan, b.rowspan):
        return 1.0
    if a.tag == "td" and (a.text or b.text):
        return levenshtein(a.text, b.text) / max(len(a.text), len(b.text))
    return 0.0
```

ನಿಮ್ಮ ಸರಿಯಾದ ವೃಕ್ಷದಲ್ಲಿ `table`, `thead`, `tbody` ಸೇರಿ 3, ಸಾಲುಗಳು 5, ಕೋಶಗಳು 13, ಒಟ್ಟು 21 ಗಂಟುಗಳಿವೆ. ಮೊದಲ ವ್ಯವಸ್ಥೆಯ ತಪ್ಪನ್ನು ಸರಿಪಡಿಸಲು ಒಂದು ಖಾಲಿ ಕೋಶವನ್ನು ಅಳಿಸಿ ಇನ್ನೊಂದೆಡೆ ಸೇರಿಸಿದರೆ ಸಾಕು, ವೆಚ್ಚ 2. ಅಂಕ 1 − 2/21, ಅಂದರೆ 0.905. ಎರಡನೆಯದರಲ್ಲಿ ‘ಅಳತೆ’ಯ `colspan` ಬೇರೆಯಾದದ್ದಕ್ಕೆ 1, ಹೆಚ್ಚುವರಿ ಖಾಲಿ ಕೋಶಕ್ಕೆ 1. ದೊಡ್ಡ ವೃಕ್ಷದಲ್ಲಿ ಈಗ 22 ಗಂಟು, ಆದ್ದರಿಂದ ಅಂಕ 1 − 2/22, ಅಂದರೆ 0.909 ಬರಬೇಕಿತ್ತು.

ನಿಮಗೆ ಬಂದಿರುವ 0.773 ಎಂದರೆ 22ಕ್ಕೆ 5 ವೆಚ್ಚ. ನೀವು ವಿವರಿಸದ 3 ಎಲ್ಲಿಂದಲೋ ಬಂದಿದೆ. ಎರಡು ಸಾಧ್ಯತೆಗಳು ನನಗೆ ಹೊಳೆಯುತ್ತವೆ. ಎರಡನೆಯ ವ್ಯವಸ್ಥೆ `thead` ಬರೆಯದೆ ಎಲ್ಲ ಸಾಲುಗಳನ್ನೂ `tbody` ಒಳಗೆ ಹಾಕುತ್ತಿದ್ದರೆ, ಎರಡು ಗಂಟುಗಳನ್ನು ಅಳಿಸಿ ಒಂದನ್ನು ಸೇರಿಸಬೇಕಾಗುವುದರಿಂದ 3 ಹೆಚ್ಚುತ್ತದೆ. ಆದರೆ ಆಗ ಎರಡೂ ವೃಕ್ಷಗಳಲ್ಲಿ 21 ಗಂಟುಗಳಿದ್ದು ಅಂಕ 0.762 ಆಗುತ್ತಿತ್ತು. ಉಳಿಯುವುದು ಇನ್ನೊಂದು: ಶೀರ್ಷಿಕೆಯ ಕೋಶಗಳನ್ನು ಅದು `td` ಬದಲು `th` ಎಂದು ಬರೆಯುತ್ತಿರಬೇಕು. ‘ಮಾದರಿ’, ‘ಉದ್ದ’, ‘ಅಗಲ’ ಮೂರಕ್ಕೂ ಟ್ಯಾಗ್ ಬೇರೆಯಾದ ಕಾರಣ ತಲಾ 1. ‘ಅಳತೆ’ ಈಗಾಗಲೇ 1 ಕಳೆದುಕೊಂಡಿರುವುದರಿಂದ ಮತ್ತೆ ಕಳೆದುಕೊಳ್ಳುವುದಿಲ್ಲ. ಲೆಕ್ಕ ಸರಿಯಾಗಿ 5ಕ್ಕೆ ಕೂಡುತ್ತದೆ. ಕಡತವನ್ನು ತೆರೆದು ನೋಡಿ ಹೇಳುವಿರಾ?

ಕಡತಗಾರ

ನೋಡಿದೆ, `th` ಎಂದೇ ಇದೆ. ಉತ್ತರದ ಕಡತಗಳಲ್ಲಿ ಎಲ್ಲ ಕಡೆ `td`. ಅಳೆಯುವ ಮೊದಲು ಎರಡನ್ನೂ ಒಂದೇ ಟ್ಯಾಗ್‌ಗೆ ತಂದ ಮೇಲೆ ಈ ಕೋಷ್ಟಕಕ್ಕೆ 0.909 ಬಂದಿತು. ಪೂರ್ತಿ ಸಂಗ್ರಹದ ಮೇಲೂ ಎರಡು ವ್ಯವಸ್ಥೆಗಳ ನಡುವಿನ ಟೆಡ್ಸ್ ಅಂತರ ಬಹುಮಟ್ಟಿಗೆ ಕರಗಿತು. ಆದರೆ ಇದರಿಂದ ನನ್ನ ಗೊಂದಲ ಬೇರೆ ರೂಪ ತಾಳಿದೆ. ಟೆಡ್ಸ್‌ನ ಕಣ್ಣಿನಲ್ಲಿ ಈಗ ಎರಡೂ ಒಂದೇ, ನೆರೆ ಸಂಬಂಧದ ಕಣ್ಣಿನಲ್ಲಿ ಎರಡನೆಯದು ಸ್ಪಷ್ಟವಾಗಿ ಮೇಲು. ಅಂಕಿ ತಪ್ಪು ಕಾಲಂಗೆ ಹೋಗುವುದೂ ಶೀರ್ಷಿಕೆಯ ಹರವು ತಪ್ಪುವುದೂ ಸಮಾನ ಅಪರಾಧ ಎಂದು ಟೆಡ್ಸ್ ಹೇಳುತ್ತಿರುವುದು ಚಿಕ್ಕ ಕೋಷ್ಟಕದ ಆಕಸ್ಮಿಕವೇ, ಅಥವಾ ಅದರ ಸ್ವಭಾವವೇ?

ಮರಕುಟಿಗ

ಟ್ಯಾಗ್‌ನ ವಿಚಾರ ಒಪ್ಪಿದೆ. ಆದರೂ ಚಿಕ್ಕ ಕೋಷ್ಟಕದಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರುವುದು ಬೇಡ. ಒಂದು ಕೋಶ ಜರುಗಿದರೆ ವೆಚ್ಚ 2 ಆಗುವುದು ಸಹಜ. ಹತ್ತು ಕೋಶ ಜರುಗಿದರೆ ವೆಚ್ಚವೂ ಅದಕ್ಕೆ ತಕ್ಕಂತೆ ಏರುತ್ತದೆ. ಜರುಗುವಿಕೆಯನ್ನು ಟೆಡ್ಸ್ ಚೆನ್ನಾಗಿ ಹಿಡಿಯುತ್ತದೆ ಎಂದು ಆ ಪ್ರಬಂಧದ ಪ್ರಯೋಗವೇ ತೋರಿಸಿದೆಯಲ್ಲ?

ಎಣಿಕೆದಾರ

ಏರುವುದಿಲ್ಲ, ಈ ಚರ್ಚೆಯ ತಿರುಳೇ ಅದು.

20 ಸಾಲು, 10 ಕಾಲಂಗಳ ಕೋಷ್ಟಕವೊಂದನ್ನು ಊಹಿಸಿಕೊಳ್ಳಿ. ಹರಡಿದ ಕೋಶಗಳಿಲ್ಲ, ನಡುವಿನ ಯಾವುದೋ ಒಂದು ಸಾಲಿನ ಎರಡನೆಯ ಕೋಶ ಮಾತ್ರ ಖಾಲಿ. ವ್ಯವಸ್ಥೆಯು ಆ ಖಾಲಿ ಕೋಶವನ್ನು ಬಿಟ್ಟು, ಅದರ ಬಲಕ್ಕಿದ್ದ ಎಂಟೂ ಅಂಕಿಗಳನ್ನು ಒಂದು ಕಾಲಂ ಎಡಕ್ಕೆ ಎಳೆದು, ಸಾಲಿನ ಕೊನೆಯಲ್ಲಿ ಒಂದು ಖಾಲಿ ಕೋಶವನ್ನು ಇಟ್ಟಿದೆ. ಎಂಟು ಅಂಕಿಗಳೂ ಈಗ ತಪ್ಪು ಶೀರ್ಷಿಕೆಯ ಕೆಳಗಿವೆ. ಟೆಡ್ಸ್‌ಗೆ ಇದರ ವೆಚ್ಚ ಎಷ್ಟು? ಒಂದು ಖಾಲಿ ಕೋಶವನ್ನು ಅಳಿಸಿ, ಇನ್ನೊಂದನ್ನು ಸೇರಿಸುವುದು: ಮತ್ತೆ 2. ವೃಕ್ಷದಲ್ಲಿ 223 ಗಂಟುಗಳಿರುವುದರಿಂದ ಅಂಕ 0.991. ಎಂಟು ಕಾಲಂಗಳ ಜಾಗದಲ್ಲಿ ಎಂಬತ್ತು ಕಾಲಂಗಳು ಜರುಗಿದ್ದರೂ ವೆಚ್ಚ ಎರಡೇ.

ಕಾರಣವನ್ನು ವೃಕ್ಷದ ಆಕಾರದಲ್ಲಿಯೇ ಕಾಣಬಹುದು. ಸಾಲು ಎಂಬುದು ಅಲ್ಲಿ ಒಂದು ಗಂಟು, ಕಾಲಂ ಎಂಬುದು ಎಲ್ಲಿಯೂ ಇಲ್ಲ. ಪ್ರತಿಯೊಂದು ಸಾಲಿನ ಕೋಶಗಳನ್ನೂ ಟೆಡ್ಸ್ ಸ್ವತಂತ್ರವಾಗಿ ಹೊಂದಿಸಿಕೊಳ್ಳುತ್ತದೆ. ಹತ್ತನೆಯ ಸಾಲಿನಲ್ಲಿ ಮೂರನೆಯ ಕೋಶವನ್ನು ಎರಡನೆಯದಕ್ಕೆ ಹೊಂದಿಸಿ, ಹನ್ನೊಂದನೆಯ ಸಾಲಿನಲ್ಲಿ ಮೂರನೆಯದನ್ನು ಮೂರನೆಯದಕ್ಕೇ ಹೊಂದಿಸುವುದನ್ನು ತಡೆಯುವ ನಿಯಮವೇ ಅದರಲ್ಲಿ ಇಲ್ಲ.

ಇದೇ ಕೋಷ್ಟಕದಲ್ಲಿ ನೆರೆ ಸಂಬಂಧದ ಲೆಕ್ಕ ನೋಡಿ. ಅಡ್ಡ ಜೋಡಿ 179, ಉದ್ದ ಜೋಡಿ 189, ಒಟ್ಟು 368. ಜರುಗಿದ ಎಂಟು ಅಂಕಿಗಳು ಮೇಲಿನ ಮತ್ತು ಕೆಳಗಿನ ನೆರೆಯವರನ್ನು ಕಳೆದುಕೊಳ್ಳುವುದರಿಂದ 16, ಎರಡನೆಯ ಕಾಲಂನಲ್ಲಿ ಖಾಲಿ ಕೋಶವನ್ನು ದಾಟಿ ಬೆಸೆದಿದ್ದ ಜೋಡಿ ಮುರಿಯುವುದರಿಂದ 1, ಒಟ್ಟು 17 ನಷ್ಟ. ಅಷ್ಟೇ ಸುಳ್ಳು ಜೋಡಿಗಳು ಹುಟ್ಟುತ್ತವೆ. ಎಫ್1 ಸುಮಾರು 0.954. ಹಳೆಯದೆಂದು ನಾವು ಬದಿಗಿಡಹೊರಟ ಮಾಪನವೇ ಇಲ್ಲಿ ಐದು ಪಟ್ಟು ಜೋರಾಗಿ ಕೂಗುತ್ತಿದೆ.

ಹಾಗಾದರೆ ಪ್ರಬಂಧದ ಪ್ರಯೋಗ ಸುಳ್ಳೇ? ಅಲ್ಲ. ಅಲ್ಲಿ ಮೊದಲ ಸಾಲಿನ ಕೆಲವು ಕೋಶಗಳನ್ನು ಕೆಳಕ್ಕೆ ತಳ್ಳಿ ನೋಡಿದ್ದಾರೆ. ಕೆಳಕ್ಕೆ ತಳ್ಳಿದಾಗ ಒಂದು ಸಾಲಿನ ಕೋಶ ಇನ್ನೊಂದು ಸಾಲಿಗೆ ಸೇರುತ್ತದೆ, ಅದು ಟೆಡ್ಸ್‌ಗೆ ದುಬಾರಿ. ಬಲಕ್ಕೋ ಎಡಕ್ಕೋ ತಳ್ಳಿದಾಗ ಕೋಶ ತನ್ನ ಸಾಲಿನಲ್ಲಿಯೇ ಇರುತ್ತದೆ, ಅದು ಅಗ್ಗ. ಒಂದೇ ಬಗೆಯ ತಪ್ಪಿಗೆ ದಿಕ್ಕನ್ನು ನೋಡಿ ಬೇರೆ ಬೇರೆ ಬೆಲೆ.

ಮರಕುಟಿಗ

ಲೆಕ್ಕ ಮಾಡಿ ನೋಡಿದೆ, ಸರಿಯಾಗಿದೆ. ಹಾಗಿದ್ದರೂ ಒಂದು ಮಾತು ಹೇಳಬೇಕು. ಪ್ರತಿ ಸಾಲಿನ ಕೊನೆಗೆ ಒಂದು ಖಾಲಿ ಕೋಶವನ್ನು ಸೇರಿಸಿ, ಇಲ್ಲದ ಕಾಲಂ ಒಂದನ್ನು ಸೃಷ್ಟಿಸುವ ವ್ಯವಸ್ಥೆಗಳನ್ನು ನಾನು ಕಂಡಿದ್ದೇನೆ. ನೆರೆ ಸಂಬಂಧದ ಮಾಪನ ಅದಕ್ಕೆ ಪೂರ್ತಿ 1.0 ಕೊಡುತ್ತದೆ. ಅದನ್ನು ಹೇಗೆ ಸಮರ್ಥಿಸುತ್ತೀರಿ?

ಎಣಿಕೆದಾರ

ಸಮರ್ಥಿಸುವುದಿಲ್ಲ. ಕಡತಗಾರ ಅವರ ಕೋಷ್ಟಕದಲ್ಲಿ ಹಾಗೆ ಮಾಡಿದರೆ ಟೆಡ್ಸ್ 5 ಹೆಚ್ಚುವರಿ ಗಂಟುಗಳಿಗೆ ದಂಡ ಹಾಕಿ 1 − 5/26, ಅಂದರೆ 0.808 ಕೊಡುತ್ತದೆ. ಆದರೆ ಪಕ್ಕದಲ್ಲಿ ಇಟ್ಟು ನೋಡಿ: ಯಾರ ಅಂಕಿಯನ್ನೂ ಕೆಡಿಸದ ಖಾಲಿ ಕಾಲಂಗೆ 0.808, ಎಂಟು ಅಂಕಿಗಳನ್ನು ತಪ್ಪು ಕಾಲಂಗೆ ಹಾಕಿದ್ದಕ್ಕೆ 0.991. ಕೋಷ್ಟಕಗಳ ಗಾತ್ರ ಬೇರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಐದು ಕೋಶಗಳ ನಿರುಪದ್ರವಿ ತಪ್ಪಿಗೆ 5 ವೆಚ್ಚ, ಎಂಟು ಅಂಕಿಗಳ ಅಪಾಯಕಾರಿ ತಪ್ಪಿಗೆ 2 ವೆಚ್ಚ. ಒಂದು ಮಾಪನ ಕುರುಡಾಗಿರುವ ಜಾಗ ಇನ್ನೊಂದಕ್ಕೆ ಕಾಣುತ್ತದೆ ಎಂಬಷ್ಟೇ ನನ್ನ ವಾದ, ಯಾವುದೂ ಇನ್ನೊಂದರ ಹೊಸ ಆವೃತ್ತಿಯಲ್ಲ.

ನಡುಗೆರೆ

ಸಾಲಿಗೊಂದು ನ್ಯಾಯ, ಕಾಲಂಗೊಂದು ನ್ಯಾಯ ಎಂಬ ಈ ದೋಷವನ್ನು ಪತ್ತೆಹಚ್ಚಲು ಸುಲಭದ ಉಪಾಯವೊಂದನ್ನು ನಮ್ಮ ತಂಡದಲ್ಲಿ ಬಳಸುತ್ತೇವೆ. ಉತ್ತರವನ್ನೂ ಫಲಿತಾಂಶವನ್ನೂ ಅಡ್ಡವಾದದ್ದು ಉದ್ದವಾಗುವಂತೆ ತಿರುಗಿಸಿ, ಅಂದರೆ `rowspan` ಮತ್ತು `colspan` ಅದಲುಬದಲು ಮಾಡಿ, ಟೆಡ್ಸ್ ಅನ್ನು ಇನ್ನೊಮ್ಮೆ ಲೆಕ್ಕ ಹಾಕುತ್ತೇವೆ. ತಿರುಗಿಸಿದ ಮೇಲೆ `thead`, `tbody` ಎಂಬ ವಿಭಾಗಗಳಿಗೆ ಅರ್ಥವಿರುವುದಿಲ್ಲ, ಅವನ್ನು ಎರಡೂ ಕಡೆ ತೆಗೆದುಬಿಡುತ್ತೇವೆ. ಎಣಿಕೆದಾರ ಅವರ 20 ಸಾಲಿನ ಉದಾಹರಣೆಯಲ್ಲಿ ತಿರುಗಿಸಿದ ವೃಕ್ಷದಲ್ಲಿ ಒಂಬತ್ತು ಕೋಶಗಳ ಪಠ್ಯ ಬದಲಾಗಿರುತ್ತದೆ. ಪಠ್ಯಗಳು ಒಂದಕ್ಕೊಂದು ಹೋಲದಿದ್ದರೆ ಅಂಕ ಸುಮಾರು 0.957ಕ್ಕೆ ಇಳಿಯುತ್ತದೆ. ಅಂಕಿಗಳೇ ತುಂಬಿದ ಕೋಷ್ಟಕಗಳಲ್ಲಿ 124ರ ಜಾಗಕ್ಕೆ 127 ಬಂದರೆ ವೆಚ್ಚ ಮೂರನೇ ಒಂದು ಭಾಗ ಮಾತ್ರ, ಆದ್ದರಿಂದ ಇಳಿಕೆ ಇದಕ್ಕಿಂತ ಕಡಿಮೆಯೂ ಆಗಬಹುದು. ನೇರ ಅಂಕಕ್ಕೂ ತಿರುಗಿಸಿದ ಅಂಕಕ್ಕೂ ಅಂತರ ಕಂಡುಬಂದ ಕೋಷ್ಟಕಗಳನ್ನು ಮಾತ್ರ ತೆರೆದು ನೋಡಿದರೆ, ಸಾಲಿನೊಳಗೆ ಜರುಗಿದ ತಪ್ಪುಗಳು ಬೇಗ ಕೈಗೆ ಸಿಗುತ್ತವೆ.

2022ರಲ್ಲಿ ಬಂದ ಗ್ರಿಟ್ಸ್ ಎಂಬ ಮಾಪನ ಈ ಅಸಮತೆಯನ್ನು ಮೂಲದಲ್ಲಿಯೇ ತೆಗೆಯಲು ಹೊರಟದ್ದು. ಅದು ಕೋಷ್ಟಕವನ್ನು ವೃಕ್ಷವಾಗಿ ಅಲ್ಲ, ಮನೆಗಳ ಜಾಲವಾಗಿಯೇ ನೋಡುತ್ತದೆ. ಎರಡೂ ಕಡೆಯಿಂದ ಕೆಲವು ಸಾಲು, ಕೆಲವು ಕಾಲಂಗಳನ್ನು ಇಡಿಯಾಗಿ ಉಳಿಸಿಕೊಂಡು ಹೊಂದಿಸುತ್ತದೆ, ಆದ್ದರಿಂದ ಒಂದು ಸಾಲಿಗೊಂದು ಬಗೆಯ ಹೊಂದಾಣಿಕೆ ಸಾಧ್ಯವಿಲ್ಲ. ಆ ಅತ್ಯುತ್ತಮ ಹೊಂದಾಣಿಕೆಯನ್ನು ಕರಾರುವಾಕ್ಕಾಗಿ ಹುಡುಕುವುದು ಗಣನೆಯ ದೃಷ್ಟಿಯಿಂದ ತೀರ ಕಷ್ಟ, ಹಾಗಾಗಿ ಅಂದಾಜು ವಿಧಾನವನ್ನು ಬಳಸುತ್ತಾರೆ. ರಚನೆ, ಪಠ್ಯ, ಸ್ಥಾನ ಮೂರಕ್ಕೂ ಬೇರೆ ಬೇರೆ ಅಂಕ ಸಿಗುವುದು ಇನ್ನೊಂದು ಅನುಕೂಲ.

ಓಲೆಗರಿ

ನನ್ನದು ಸ್ವಲ್ಪ ಬೇರೆ ಸಮಸ್ಯೆ, ಆದರೆ ಇಲ್ಲಿಯೇ ಕೇಳುತ್ತೇನೆ. ನನ್ನ ಕೋಷ್ಟಕಗಳಲ್ಲಿ ಪಠ್ಯವೆಲ್ಲ ಕನ್ನಡದಲ್ಲಿದೆ. ಪರದೆಯ ಮೇಲೆ ಎರಡೂ ಕಡತಗಳು ಅಕ್ಷರಕ್ಕೆ ಅಕ್ಷರ ಒಂದೇ ರೀತಿ ಕಾಣುತ್ತವೆ, ರಚನೆಯಲ್ಲಿ ಒಂದು ಕೋಶವೂ ಆಚೀಚೆಯಾಗಿಲ್ಲ. ಹೀಗಿದ್ದೂ ನೆರೆ ಸಂಬಂಧದ ಅಂಕ ಪಾತಾಳಕ್ಕೆ ಇಳಿದಿದೆ, ಟೆಡ್ಸ್ ಕೂಡ ಸಾಕಷ್ಟು ತಗ್ಗಿದೆ. ಪಠ್ಯವನ್ನು ಪೂರ್ತಿ ಬಿಟ್ಟು ರಚನೆಯನ್ನಷ್ಟೇ ಅಳೆಯುವ ಟೆಡ್ಸ್ ರೂಪ ಮಾತ್ರ 1.0 ತೋರಿಸುತ್ತದೆ.

ಎಣಿಕೆದಾರ

ಅದು ಯುನಿಕೋಡ್ ರೂಪದ ವ್ಯತ್ಯಾಸ ಇರಬೇಕು. ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, `U+0CC6`, `U+0CC2`, `U+0CD5` ಎಂಬ ಮೂರು ತುಂಡುಗಳಾಗಿಯೂ ಇಡಬಹುದು. ‘ಕೋಷ್ಟಕ’ ಎಂಬುದು ಮೊದಲ ರೂಪದಲ್ಲಿ 6 ಸಂಕೇತ, ಎರಡನೆಯದರಲ್ಲಿ 8. ಎರಡರ ನಡುವಿನ ತಿದ್ದುಪಡಿ ದೂರ 3, ಆದ್ದರಿಂದ ಒಂದೂ ಅಕ್ಷರ ತಪ್ಪಿಲ್ಲದ ಕೋಶಕ್ಕೆ ಟೆಡ್ಸ್ 3/8, ಅಂದರೆ 0.375 ವೆಚ್ಚ ಹಾಕುತ್ತದೆ. ನೆರೆ ಸಂಬಂಧ ಇನ್ನೂ ನಿಷ್ಠುರ: ಪಠ್ಯ ತದ್ವತ್ತಾಗಿ ಹೊಂದದಿದ್ದರೆ ಆ ಕೋಶ ಸೇರಿದ ಎಲ್ಲ ಜೋಡಿಗಳೂ ಹೋಗುತ್ತವೆ. ಎರಡೂ ಕಡೆಯ ಪಠ್ಯವನ್ನು ಅಳೆಯುವ ಮೊದಲು ಹೀಗೆ ಒಂದೇ ರೂಪಕ್ಕೆ ತನ್ನಿ:

```
import unicodedata
s = unicodedata.normalize("NFC", s).replace("\u200c", "").replace("\u200d", "")
```

ಕಣ್ಣಿಗೆ ಕಾಣದ ಆ ಎರಡು ಜೋಡಣೆ ಸಂಕೇತಗಳನ್ನು `NFC` ತೆಗೆಯುವುದಿಲ್ಲ, ಅದಕ್ಕಾಗಿಯೇ ಮುಂದಿನ ಎರಡು ಹೆಜ್ಜೆ. ಅರ್ಕಾವೊತ್ತಿನಂತಹ ಕಡೆ ಅವು ಬರಹದ ರೂಪವನ್ನೇ ಬದಲಿಸುತ್ತವೆ ಎಂಬುದು ನೆನಪಿರಲಿ. ಹೋಲಿಕೆಗಾಗಿ ಮಾತ್ರ ತೆಗೆಯಿರಿ, ಮೂಲ ಕಡತವನ್ನು ಮುಟ್ಟಬೇಡಿ.

ಕಡತಗಾರ ಅವರೂ ಇದನ್ನು ಗಮನಿಸಬೇಕು. ನಿಮ್ಮ ಚಿಕ್ಕ ಕೋಷ್ಟಕದಲ್ಲಿ 12 ಎಂಬುದನ್ನು ಒಸಿಆರ್ 1Z ಎಂದು ಓದಿತು ಎನ್ನೋಣ. 12 ಸೇರಿದ ನಾಲ್ಕು ಜೋಡಿಗಳು ಹೋಗಿ ನೆರೆ ಸಂಬಂಧ 14/18, ಅಂದರೆ 0.778ಕ್ಕೆ ಇಳಿಯುತ್ತದೆ. ಇದು 9 ತಪ್ಪು ಕಾಲಂಗೆ ಹೋದದ್ದಕ್ಕೆ ಸಿಕ್ಕ 0.833ಕ್ಕಿಂತಲೂ ಕಡಿಮೆ. ಟೆಡ್ಸ್‌ನಲ್ಲಿ ಅದೇ ದೋಷಕ್ಕೆ ಅರ್ಧ ವೆಚ್ಚ, ಅಂಕ 0.976. ಆದ್ದರಿಂದ ನೆರೆ ಸಂಬಂಧವನ್ನು ರಚನೆಯ ಮಾಪನವಾಗಿ ಬಳಸುವುದಾದರೆ ಕೋಶಗಳನ್ನು ಪಠ್ಯದಿಂದ ಗುರುತಿಸದೆ, ಪುಟದ ಮೇಲಿನ ಚೌಕಟ್ಟುಗಳ ಅತಿವ್ಯಾಪ್ತಿಯಿಂದ ಗುರುತಿಸುವುದು ವಾಸಿ. 2019ರ ಐಸಿಡಿಎಆರ್ ಸ್ಪರ್ಧೆಯಲ್ಲಿ 0.6ರಿಂದ 0.9ರವರೆಗಿನ ನಾಲ್ಕು ಅತಿವ್ಯಾಪ್ತಿ ಮಿತಿಗಳಲ್ಲಿ ಎಫ್1 ಲೆಕ್ಕ ಹಾಕಿ, ಬಿಗಿಯಾದ ಮಿತಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆದದ್ದು ಈ ದಾರಿಯಲ್ಲಿಯೇ.

ಓಲೆಗರಿ

`NFC` ಮಾಡಿದ ಮೇಲೆ ಎರಡೂ ಅಂಕಗಳು ಮೇಲೆದ್ದವು. ಉಳಿದ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿದಾಗ ಇನ್ನೊಂದು ತೊಡಕು ಸಿಕ್ಕಿತು. ಒಂದೇ ಕೋಶದಲ್ಲಿ ಎರಡು ಗೆರೆಗಳಷ್ಟು ಪಠ್ಯವಿದ್ದಾಗ, ಅದನ್ನು ಒಂದು ಸಾಲೆಂದು ಕೆಲವರು, ಎರಡು ಸಾಲೆಂದು ಇನ್ನು ಕೆಲವರು ಗುರುತು ಮಾಡಿದ್ದಾರೆ. ಉತ್ತರದ ಕಡತವೇ ಹೀಗೆ ಎರಡು ಮಾತಾಡುವಾಗ ಯಾವ ಮಾಪನವಾದರೂ ಏನು ಮಾಡೀತು?

ನಡುಗೆರೆ

ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದಷ್ಟು ಕೋಷ್ಟಕಗಳನ್ನು ಇಬ್ಬರಿಂದ ಸ್ವತಂತ್ರವಾಗಿ ಗುರುತು ಮಾಡಿಸಿ, ಒಬ್ಬರ ಉತ್ತರಕ್ಕೆ ಎದುರಾಗಿ ಇನ್ನೊಬ್ಬರದನ್ನು ಅದೇ ಮಾಪನದಿಂದ ಅಳೆಯುವುದು ಒಂದು ದಾರಿ. ಅಲ್ಲಿ ಸಿಗುವ ಅಂಕಕ್ಕಿಂತ ಮೇಲಕ್ಕೆ ಯಾವುದಾದರೂ ವ್ಯವಸ್ಥೆ ಹೋದರೆ, ಅದು ಕೋಷ್ಟಕವನ್ನು ಚೆನ್ನಾಗಿ ಓದುವುದಕ್ಕಿಂತ ಒಬ್ಬ ಗುರುತುಗಾರರ ಅಭ್ಯಾಸವನ್ನು ಕಲಿತಿದೆ ಎಂದು ನಾನು ಅನುಮಾನಿಸುತ್ತೇನೆ.

ಮರಕುಟಿಗ

ಆ ಅನುಮಾನಕ್ಕೆ ನನ್ನ ಸಹಮತವಿಲ್ಲ. ಗುರುತಿಸುವ ನಿಯಮವನ್ನು ಮೊದಲೇ ಸ್ಪಷ್ಟವಾಗಿ ಬರೆದಿಟ್ಟರೆ ಆ ಭಿನ್ನಾಭಿಪ್ರಾಯದ ಹೆಚ್ಚಿನ ಭಾಗ ಹೋಗುತ್ತದೆ. ಉಳಿದದ್ದು ನಿಜವಾದ ದ್ವಂದ್ವ, ಅಂತಹ ಕೋಷ್ಟಕಗಳಿಗೆ ಎರಡು ಸರಿ ಉತ್ತರಗಳನ್ನಿಟ್ಟು ಹೆಚ್ಚು ಅಂಕ ಬಂದದ್ದನ್ನು ತೆಗೆದುಕೊಳ್ಳಬಹುದು.

ನಡುಗೆರೆ

ಎರಡು ಉತ್ತರ ಇಟ್ಟರೆ, ಅರ್ಧ ಕೋಷ್ಟಕದಲ್ಲಿ ಒಂದು ನಿಯಮವನ್ನೂ ಇನ್ನರ್ಧದಲ್ಲಿ ಮತ್ತೊಂದನ್ನೂ ಪಾಲಿಸಿದ ಫಲಿತಾಂಶ ಎರಡರಲ್ಲಿಯೂ ಅಂಕ ಕಳೆದುಕೊಳ್ಳುತ್ತದೆ. ಅದು ನ್ಯಾಯವೋ ಅನ್ಯಾಯವೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಕಡತಗಾರ

ನನ್ನ ಆಯ್ಕೆಗೆ ಬೇಕಾದಷ್ಟು ಇಲ್ಲಿ ಸಿಕ್ಕಿತು. ಟ್ಯಾಗ್‌ಗಳನ್ನೂ ಯುನಿಕೋಡ್ ರೂಪವನ್ನೂ ಒಂದೇ ಮಾಡಿದ ಮೇಲೆ ಮೂರು ಅಂಕಗಳನ್ನು ಪಕ್ಕಪಕ್ಕದಲ್ಲಿ ಬರೆಯುತ್ತೇನೆ: ಚೌಕಟ್ಟಿನ ಮೇಲೆ ಹೊಂದಿಸಿದ ನೆರೆ ಸಂಬಂಧ, ನೇರ ಟೆಡ್ಸ್, ತಿರುಗಿಸಿದ ಟೆಡ್ಸ್. ಹರಡಿದ ಕೋಶಗಳಿರುವ ಕೋಷ್ಟಕಗಳನ್ನು ಇಲ್ಲದವುಗಳಿಂದ ಬೇರ್ಪಡಿಸಿ ಸರಾಸರಿ ತೆಗೆಯುತ್ತೇನೆ, ಒಂದೂ ತಪ್ಪಿಲ್ಲದ ಕೋಷ್ಟಕಗಳ ಪಾಲನ್ನು ಪ್ರತ್ಯೇಕವಾಗಿ ಕೊಡುತ್ತೇನೆ. ಸದ್ಯದ ಒಲವು ಎರಡನೆಯ ವ್ಯವಸ್ಥೆಯ ಕಡೆಗೆ, ಏಕೆಂದರೆ ತಪ್ಪಿದ ಹರವನ್ನು ಕೆಳಗಿನ ಸಾಲಿನ ಶೀರ್ಷಿಕೆಗಳನ್ನು ನೋಡಿ ಆಮೇಲೆ ತಿದ್ದಲು ಸಾಧ್ಯ, ಎಡಕ್ಕೆ ಜರುಗಿದ ಅಂಕಿ ಮೂಲತಃ ಎಲ್ಲಿತ್ತು ಎಂದು ಫಲಿತಾಂಶದ ಕಡತದಿಂದ ತಿಳಿಯಲು ಸಾಧ್ಯವಿಲ್ಲ.

ಎಣಿಕೆದಾರ

ಸರಾಸರಿಯ ಬಗ್ಗೆ ಒಂದು ಎಚ್ಚರಿಕೆ. ಪ್ರತಿ ಕೋಷ್ಟಕಕ್ಕೂ ಸಮಾನ ತೂಕ ಕೊಟ್ಟರೆ 223 ಗಂಟುಗಳ ಕೋಷ್ಟಕದಲ್ಲಿನ ಜರುಗುವಿಕೆ 0.009 ಮಾತ್ರ ಕಳೆಯುತ್ತದೆ, 21 ಗಂಟುಗಳದರಲ್ಲಿ ಅದೇ ತಪ್ಪು 0.095 ಕಳೆಯುತ್ತದೆ. ನಿಮ್ಮ ಸಂಗ್ರಹದಲ್ಲಿ ದೊಡ್ಡ ಕೋಷ್ಟಕಗಳು ಹೆಚ್ಚಾಗಿದ್ದರೆ ಮೊದಲ ವ್ಯವಸ್ಥೆಯ ತಪ್ಪು ಸರಾಸರಿಯಲ್ಲಿ ಕಾಣಿಸುವುದೇ ಇಲ್ಲ. ಕೋಷ್ಟಕಗಳನ್ನು ಗಾತ್ರದ ಪ್ರಕಾರ ಎರಡು ಮೂರು ಗುಂಪು ಮಾಡಿ, ಗುಂಪಿಗೊಂದು ಸರಾಸರಿ ಕೊಡಿ.